ಬೇಳೆ ಮಿಲ್‌ನಲ್ಲಿ ಸ್ಟ್ಯಾಂಡರ್ಡ್ ಕಾಸ್ಟಿಂಗ್: ತೊಗರಿಯ ದರ ಮತ್ತು ಬಳಕೆ ವ್ಯತ್ಯಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಭಾಗದ ಬೇಳೆ ಮಿಲ್‌ಗಳಲ್ಲಿ ಲೆಕ್ಕ ಬರೆಯುವವರು, ಖರೀದಿ ನೋಡುವವರು ಮತ್ತು ಕಾಸ್ಟಿಂಗ್ ಓದುತ್ತಿರುವ ಬಿ.ಕಾಂ. ವಿದ್ಯಾರ್ಥಿಗಳು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಉದ್ದಕ್ಕೂ ಒಂದೇ ಮಿಲ್‌ನ ಒಂದು ತಿಂಗಳ ಲೆಕ್ಕವನ್ನು ಹಿಡಿದು ಸಾಗಿದ್ದೇವೆ. ದರ ಮತ್ತು ತೂಕದ ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು. ನಿಮ್ಮ ಮಿಲ್‌ನ ಅಂಕಿ ಹಾಕಿದರೂ ದಾರಿ ಇದೇ.

ಬೇಳೆ ಮಿಲ್‌ಗೆ ಈ ಲೆಕ್ಕದಿಂದ ಏನು ಗೊತ್ತಾಗುತ್ತದೆ?

ಸ್ಟ್ಯಾಂಡರ್ಡ್ ಕಾಸ್ಟಿಂಗ್ ಎಂದರೆ ಇರಬೇಕಾದ ದರ ಮತ್ತು ಬಳಕೆಯನ್ನು ಮೊದಲೇ ಗೊತ್ತುಮಾಡಿಕೊಂಡು, ನಿಜವಾಗಿ ಆದದ್ದನ್ನು ಅದರೊಂದಿಗೆ ಹೋಲಿಸಿ ನೋಡುವುದು. ಮಿಲ್‌ನ ಖರ್ಚಿನಲ್ಲಿ ತೊಗರಿಯದೇ ಸಿಂಹಪಾಲು. ಕರೆಂಟ್, ಕೂಲಿ, ರಿಪೇರಿ ಎಲ್ಲ ಸೇರಿಸಿದರೂ ಅದರ ಹತ್ತಿರ ಬರುವುದಿಲ್ಲ. ಹಾಗಾಗಿ ತಿಂಗಳ ಕೊನೆಯಲ್ಲಿ ಲಾಭ ಕಡಿಮೆಯಾಗಿದ್ದರೆ ಮೊದಲು ಕೇಳಬೇಕಾದದ್ದು ಎರಡೇ ಮಾತು. ತೊಗರಿಯನ್ನು ಹೆಚ್ಚು ದರಕ್ಕೆ ಕೊಂಡೆವೋ, ಅಥವಾ ಬಂದ ಬೇಳೆಗೆ ಹೋಲಿಸಿದರೆ ಹೆಚ್ಚು ತೊಗರಿ ತಿನ್ನಿಸಿದೆವೋ? ಮೊದಲನೆಯದಕ್ಕೆ ದರ ವ್ಯತ್ಯಾಸ, ಎರಡನೆಯದಕ್ಕೆ ಬಳಕೆ ವ್ಯತ್ಯಾಸ ಉತ್ತರ ಕೊಡುತ್ತದೆ. ಆದರೆ ಇವೆರಡನ್ನೂ ಬಿಡಿಬಿಡಿಯಾಗಿ ಓದಿದರೆ ತಪ್ಪು ಮನುಷ್ಯನನ್ನು ಹೊಗಳಿ, ತಪ್ಪು ಮನುಷ್ಯನನ್ನು ಬೈದಂತಾಗುತ್ತದೆ. ಅದು ಹೇಗೆ ಎಂಬುದನ್ನು ತೇವಾಂಶದ ಪ್ರಶ್ನೆಯಲ್ಲಿ ವಿವರವಾಗಿ ನೋಡೋಣ.

ಸ್ಟ್ಯಾಂಡರ್ಡ್ ದರವನ್ನು ಹೇಗೆ ಗೊತ್ತುಮಾಡಬೇಕು? ಬೆಂಬಲ ಬೆಲೆಯನ್ನೇ ಇಟ್ಟುಕೊಳ್ಳಬಹುದೇ?

ಬೇಡ. 2025-26ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ ₹8,000. ಅದು ಸರ್ಕಾರ ರೈತರಿಗೆ ಕೊಡುವ ಭರವಸೆ, ನಿಮ್ಮ ಮಿಲ್ ಕೊಳ್ಳುವ ದರವಲ್ಲ. ಎಪಿಎಂಸಿ ಗಂಜ್‌ನ ಹರಾಜಿನಲ್ಲಿ ಸವಾಲು ಅದಕ್ಕಿಂತ ಕೆಳಗೂ ನಡೆಯಬಹುದು, ಮೇಲೂ ನಡೆಯಬಹುದು.

ಸ್ಟ್ಯಾಂಡರ್ಡ್ ದರವೆಂದರೆ ಮಾಲು ನಿಮ್ಮ ಗೋದಾಮಿನ ಬಾಗಿಲಿಗೆ ಬಂದು ಬೀಳುವ ಹೊತ್ತಿಗೆ ತಗಲುವ ದರ. ಸವಾಲಿನ ದರದ ಮೇಲೆ ಮಾರುಕಟ್ಟೆ ಶುಲ್ಕ, ಅಡತಿಯವರಿಗೆ ಕೊಡುವುದೇನಾದರೂ ಇದ್ದರೆ ಅದು, ಹಮಾಲಿ, ಲಾರಿ ಬಾಡಿಗೆ ಸೇರಿಸಬೇಕು. ವ್ಯಾಪಾರದ ಕಡಿತ ಸಿಗುತ್ತಿದ್ದರೆ ಕಳೆಯಬೇಕು. ವಾಪಸು ಪಡೆಯಬಹುದಾದ ತೆರಿಗೆಯನ್ನು ಸೇರಿಸಬಾರದು. ನಮ್ಮ ಉದಾಹರಣೆಯಲ್ಲಿ ಸವಾಲಿನ ದರ ₹7,200, ಉಳಿದ ಖರ್ಚು ₹300, ಒಟ್ಟು ಕ್ವಿಂಟಾಲಿಗೆ ₹7,500.

ಇಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಸಂಗತಿ ಇದೆ. ದರದ ಪಕ್ಕದಲ್ಲಿ ಗುಣಮಟ್ಟವನ್ನೂ ಬರೆದಿಡಬೇಕು. "₹7,500" ಎಂದಷ್ಟೇ ಬರೆದರೆ ಅದು ಅರ್ಧ ಸ್ಟ್ಯಾಂಡರ್ಡ್. "ತೇವಾಂಶ 10%, ಕಸಕಡ್ಡಿ ಇಷ್ಟರ ಒಳಗೆ, ಕಾಳಿನ ಗಾತ್ರ ಇಂಥದ್ದು, ಗೋದಾಮಿಗೆ ಮುಟ್ಟಿದ ದರ ₹7,500" ಎಂದು ಬರೆದರೆ ಮಾತ್ರ ಮುಂದೆ ಹೋಲಿಸಲು ಬರುತ್ತದೆ.

ಒಂದು ಕ್ವಿಂಟಾಲ್ ಬೇಳೆಗೆ ಎಷ್ಟು ತೊಗರಿ ಬೇಕೆಂದು ಇಟ್ಟುಕೊಳ್ಳಬೇಕು?

ತೊಗರಿ ಕಾಳಿನ ಸಿಪ್ಪೆ ಮಾತ್ರ ಹೋಗಿ ಉಳಿದದ್ದೆಲ್ಲ ಬೇಳೆಯಾದರೆ ನೂರಕ್ಕೆ 85ರ ಆಸುಪಾಸು ಬೇಳೆ ಸಿಗಬೇಕು. ಯಾವ ಮಿಲ್‌ನಲ್ಲೂ ಅಷ್ಟು ಬರುವುದಿಲ್ಲ. ತೊಗರಿಯಲ್ಲಿ ಸಿಪ್ಪೆ ಒಳಗಿನ ಬೇಳೆಗೆ ಅಂಟಿನಿಂದ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಅದನ್ನು ಸಡಿಲಿಸಲು ಎಮರಿ ರೋಲರ್‌ನಲ್ಲಿ ಕಾಳಿನ ಮೈ ಗೀರಿ, ಎಣ್ಣೆ ಸವರಿ, ಅಂಗಳದಲ್ಲಿ ಒಣಗಿಸಿ, ನೀರು ಚಿಮುಕಿಸಿ, ಮತ್ತೆ ರೋಲರ್‌ಗೆ ಬಿಡುತ್ತೇವೆ. ಇಷ್ಟು ಉಜ್ಜಾಟದಲ್ಲಿ ಬೇಳೆಯ ಅಂಚು ಸವೆದು ಪುಡಿಯಾಗುತ್ತದೆ, ಕೆಲವು ಒಡೆದು ನುಚ್ಚಾಗುತ್ತವೆ. ಹಾಗಾಗಿ ನೂರಕ್ಕೆ 70ರಿಂದ 75 ಬೇಳೆ ಸಿಕ್ಕರೆ ಅದು ಕೆಲಸ ಮಾಡುವ ಮಿಲ್‌ನ ಸಹಜ ಇಳುವರಿ.

85ನ್ನೇ ಸ್ಟ್ಯಾಂಡರ್ಡ್ ಎಂದು ಇಟ್ಟುಕೊಂಡರೆ ಪ್ರತಿ ತಿಂಗಳೂ ದೊಡ್ಡ ಪ್ರತಿಕೂಲ ವ್ಯತ್ಯಾಸ ಬರುತ್ತದೆ. ಮೂರು ತಿಂಗಳಾದ ಮೇಲೆ ಆ ಕಾಗದವನ್ನು ಯಾರೂ ಓದುವುದಿಲ್ಲ. ಕಳೆದ ವರ್ಷದ ಸರಾಸರಿಯನ್ನೇ ಎತ್ತಿಡುವುದೂ ಸರಿಯಲ್ಲ, ಏಕೆಂದರೆ ಕಳೆದ ವರ್ಷದ ಸೋರಿಕೆಯೆಲ್ಲ ಅದರೊಳಗೆ ಕುಳಿತಿರುತ್ತದೆ. ರೋಲರ್ ಸುಸ್ಥಿತಿಯಲ್ಲಿರುವಾಗ, 10% ತೇವಾಂಶದ ತೊಗರಿಯನ್ನು ನಾಲ್ಕಾರು ಸಲ ಬೇರೆಬೇರೆ ದಿನ ಓಡಿಸಿ, ಒಳಹೋದದ್ದನ್ನೂ ಹೊರಬಂದದ್ದನ್ನೂ ಎಲ್ಲ ತೂಗಿ ಬರೆದುಕೊಳ್ಳಿ. ಅದರಿಂದ ಬರುವ ಅಂಕಿಯೇ ಸ್ಟ್ಯಾಂಡರ್ಡ್. ನಮ್ಮ ಉದಾಹರಣೆಯಲ್ಲಿ 1 ಕ್ವಿಂಟಾಲ್ ಬೇಳೆಗೆ 140 ಕಿಲೋ ತೊಗರಿ.

ದರ ವ್ಯತ್ಯಾಸವನ್ನು ಕೊಂಡಾಗ ಲೆಕ್ಕ ಹಾಕಬೇಕೋ, ಬಳಸಿದಾಗಲೋ?

ಕೊಂಡಾಗಲೇ. ಜನವರಿಯಲ್ಲಿ ಮಿಲ್ 1,200 ಕ್ವಿಂಟಾಲ್ ತೊಗರಿ ಕೊಂಡಿತು, ಗೋದಾಮಿಗೆ ಮುಟ್ಟಿದ ದರ ₹7,350 ಎಂದುಕೊಳ್ಳಿ. ಸ್ಟ್ಯಾಂಡರ್ಡ್‌ಗಿಂತ ಕ್ವಿಂಟಾಲಿಗೆ ₹150 ಕಡಿಮೆ. 1,200 × 150 = ₹1,80,000 ಅನುಕೂಲ ವ್ಯತ್ಯಾಸ.

ಬಳಸಿದಾಗ ಲೆಕ್ಕ ಹಾಕುವ ಪದ್ಧತಿಯೂ ಪುಸ್ತಕಗಳಲ್ಲಿದೆ. ಆದರೆ ಹಂಗಾಮಿನಲ್ಲಿ ಕೊಂಡ ತೊಗರಿ ಜೂನ್‌ವರೆಗೂ ಗೋದಾಮಿನಲ್ಲಿರುತ್ತದೆ. ಜನವರಿಯಲ್ಲಿ ಹೆಚ್ಚು ಕೊಟ್ಟದ್ದು ಜೂನ್‌ನಲ್ಲಿ ಗೊತ್ತಾದರೆ ಖರೀದಿ ಮಾಡುವವರು ಏನು ತಿದ್ದಿಕೊಳ್ಳಲು ಸಾಧ್ಯ? ಕೊಂಡ ದಿನವೇ ವ್ಯತ್ಯಾಸವನ್ನು ತೆಗೆದಿಟ್ಟರೆ ಇನ್ನೊಂದು ಅನುಕೂಲವಿದೆ. ಗೋದಾಮಿನ ಲೆಕ್ಕವೆಲ್ಲ ಒಂದೇ ದರದಲ್ಲಿ, ಅಂದರೆ ₹7,500ರಲ್ಲಿ ಇರುತ್ತದೆ. ಯಾವ ಲಾಟ್ ಯಾವ ದರದ್ದು ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಬಳಕೆ ವ್ಯತ್ಯಾಸದ ಲೆಕ್ಕ ಹೇಗೆ?

ಅದೇ ಜನವರಿಯಲ್ಲಿ ಮಿಲ್‌ಗೆ ಹಾಕಿದ್ದು 1,015 ಕ್ವಿಂಟಾಲ್, ಬಂದ ಬೇಳೆ 700 ಕ್ವಿಂಟಾಲ್. 700 ಕ್ವಿಂಟಾಲ್ ಬೇಳೆಗೆ ಹಿಡಿಯಬೇಕಿದ್ದ ತೊಗರಿ 700 × 1.4 = 980 ಕ್ವಿಂಟಾಲ್. ಹೆಚ್ಚಿಗೆ ಹೋದದ್ದು 35 ಕ್ವಿಂಟಾಲ್. ಅದನ್ನು ಸ್ಟ್ಯಾಂಡರ್ಡ್ ದರದಿಂದ ಗುಣಿಸಿದರೆ 35 × 7,500 = ₹2,62,500 ಪ್ರತಿಕೂಲ ವ್ಯತ್ಯಾಸ.

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಮೊದಲನೆಯದು, ತಿಂಗಳ ಆರಂಭದಲ್ಲಿ "800 ಕ್ವಿಂಟಾಲ್ ಬೇಳೆ ಮಾಡೋಣ" ಎಂದು ಹಾಕಿಕೊಂಡ ಅಂದಾಜಿನ ಮೇಲೆ ಸ್ಟ್ಯಾಂಡರ್ಡ್ ಬಳಕೆ ಲೆಕ್ಕ ಹಾಕುವುದು. ಹಾಗೆ ಮಾಡಿದರೆ ಹಿಡಿಯಬೇಕಿದ್ದದ್ದು 1,120, ಬಳಸಿದ್ದು 1,015, ಆದ್ದರಿಂದ 105 ಕ್ವಿಂಟಾಲ್ ಉಳಿತಾಯ ಎಂಬ ಪೂರ್ತಿ ಸುಳ್ಳು ಉತ್ತರ ಬರುತ್ತದೆ. ಹೋಲಿಕೆ ಯಾವಾಗಲೂ ನಿಜವಾಗಿ ತಯಾರಾದ ಬೇಳೆಯ ಮೇಲೆ. ಎರಡನೆಯದು, ಹೆಚ್ಚಿಗೆ ಹೋದ 35 ಕ್ವಿಂಟಾಲನ್ನು ಕೊಂಡ ದರದಿಂದ ಗುಣಿಸುವುದು. ಗಂಜ್‌ನ ದರ ಏರಿಳಿದದ್ದಕ್ಕೆ ಮಿಲ್ ಮೇಸ್ತ್ರಿ ಹೊಣೆಯಲ್ಲ. ಆದ್ದರಿಂದ ಅವರ ಲೆಕ್ಕದಲ್ಲಿ ದರ ಸ್ಟ್ಯಾಂಡರ್ಡ್ ಆಗಿಯೇ ಇರಬೇಕು.

ಖರೀದಿಯವರು ₹1,80,000 ಉಳಿಸಿದರು, ಮಿಲ್‌ನವರು ₹2,62,500 ಹಾಳು ಮಾಡಿದರು. ಹೀಗೇ ಅರ್ಥ ಮಾಡಿಕೊಳ್ಳಬೇಕೇ?

ಇಲ್ಲ. ಅನುಕೂಲ ದರ ವ್ಯತ್ಯಾಸ ಮತ್ತು ಪ್ರತಿಕೂಲ ಬಳಕೆ ವ್ಯತ್ಯಾಸ ಒಟ್ಟಿಗೇ ಕಂಡರೆ ಮೊದಲು ತೇವಾಂಶದ ಚೀಟಿ ತರಿಸಿ ನೋಡಿ. ಕಟಾವಿನ ಬಿಸಿಯಲ್ಲಿ, ಅಂದರೆ ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ, ಗಂಜ್‌ಗೆ ಬರುವ ಮಾಲು ಸರಿಯಾಗಿ ಒಣಗಿರುವುದಿಲ್ಲ. ಹಸಿ ಮಾಲು ಅಗ್ಗಕ್ಕೆ ಸಿಗುತ್ತದೆ, ಆದರೆ ತೂಕದಲ್ಲಿ ನೀರಿಗೂ ದುಡ್ಡು ಕೊಟ್ಟಿರುತ್ತೀರಿ. ಆ ನೀರು ಅಂಗಳದಲ್ಲಿ ಆರಿಹೋದಾಗ ಅದು ಮಿಲ್‌ನವರ ಬಳಕೆ ವ್ಯತ್ಯಾಸವಾಗಿ ತಲೆ ಎತ್ತುತ್ತದೆ.

ನಮ್ಮ ಉದಾಹರಣೆಯ ತೊಗರಿ 12% ತೇವಾಂಶದ್ದು ಎಂದುಕೊಳ್ಳಿ. ಸ್ಟ್ಯಾಂಡರ್ಡ್ 10%. ಮಿಲ್‌ಗೆ ಹೋದ 1,015 ಕ್ವಿಂಟಾಲ್‌ನಲ್ಲಿ ಒಣ ಅಂಶ ನೂರಕ್ಕೆ 88, ಅಂದರೆ 893.2 ಕ್ವಿಂಟಾಲ್. ಇಷ್ಟೇ ಒಣ ಅಂಶವಿರುವ 10% ತೇವಾಂಶದ ತೊಗರಿ ಎಷ್ಟು ತೂಗುತ್ತಿತ್ತು? 893.2ನ್ನು 0.90ರಿಂದ ಭಾಗಿಸಿದರೆ 992.44 ಕ್ವಿಂಟಾಲ್. ಮಿಲ್‌ಗೆ ನಿಜವಾಗಿ ಸಿಕ್ಕಿದ್ದು ಇಷ್ಟೇ. ಉಳಿದ 22.56 ಕ್ವಿಂಟಾಲ್ ಹೆಚ್ಚಿನ ನೀರು.

ಈಗ 35 ಕ್ವಿಂಟಾಲನ್ನು ಒಡೆಯಿರಿ. ನೀರಿನ ಪಾಲು 22.56 ಕ್ವಿಂಟಾಲ್, ರೂಪಾಯಿಯಲ್ಲಿ ₹1,69,167. ಇದು ಖರೀದಿಯ ಖಾತೆಗೆ ಹೋಗಬೇಕು. ಮಿಲ್‌ನ ಪಾಲು 12.44 ಕ್ವಿಂಟಾಲ್, ₹93,333. ಎರಡೂ ಸೇರಿದರೆ ಮತ್ತೆ ₹2,62,500.

ಖರೀದಿಯ ಕಡೆ ಈಗ ನೋಡಿ. ಬಳಸಿದ 1,015 ಕ್ವಿಂಟಾಲ್ ಮೇಲೆ ದರದಲ್ಲಿ ಉಳಿಸಿದ್ದು 1,015 × 150 = ₹1,52,250. ನೀರಿಗೆ ಕೊಟ್ಟದ್ದು ₹1,69,167. ಅಗ್ಗದ ಖರೀದಿ ಎಂದುಕೊಂಡದ್ದು ನಿಜವಾಗಿ ₹16,917 ನಷ್ಟದ ಖರೀದಿ.

ಹಾಗಾದರೆ ಹಸಿ ಮಾಲನ್ನು ಎಷ್ಟು ದರಕ್ಕೆ ಕೊಂಡರೆ ಸರಿ?

ಸ್ಟ್ಯಾಂಡರ್ಡ್ ದರವನ್ನು ಒಣ ಅಂಶದ ಅನುಪಾತಕ್ಕೆ ಇಳಿಸಿ ನೋಡಿ. 12% ತೇವಾಂಶವಿದ್ದರೆ 7,500 × 88 ÷ 90 = ₹7,333. 11% ಇದ್ದರೆ ₹7,417. 13% ಇದ್ದರೆ ₹7,250. ಅಂದರೆ ಈ ದರದ ಮಟ್ಟದಲ್ಲಿ ಒಂದು ಶೇಕಡಾ ತೇವಾಂಶಕ್ಕೆ ಸುಮಾರು ₹83 ಕಡಿಮೆಯಾಗಬೇಕು. ಮೇಲಿನ ಲಾಟ್‌ಗೆ ₹7,350 ಕೊಟ್ಟಿದ್ದು ಸಮದರಕ್ಕಿಂತ ₹17 ಹೆಚ್ಚು.

ಈ ನಾಲ್ಕು ಅಂಕಿಯ ಚೀಟಿಯನ್ನು ಸವಾಲಿಗೆ ಹೋಗುವವರ ಜೇಬಿನಲ್ಲಿ ಇಡಿ. ತಿಂಗಳ ಕೊನೆಯ ವರದಿಗಿಂತ ಅದರ ಉಪಯೋಗ ಹೆಚ್ಚು. ಇದರಲ್ಲಿ ಮಾಲಿನಷ್ಟೇ ಲೆಕ್ಕ ಬರುತ್ತದೆ, ಹೆಚ್ಚು ದಿನ ಒಣಗಿಸುವ ಕೂಲಿಯಾಗಲೀ ಅಂಗಳ ತುಂಬಿ ಮಿಲ್ ನಿಲ್ಲುವ ನಷ್ಟವಾಗಲೀ ಸೇರಿಲ್ಲ. ಆದ್ದರಿಂದ ಹಸಿ ಮಾಲಿಗೆ ಸಮದರಕ್ಕಿಂತಲೂ ಇನ್ನಷ್ಟು ಕಡಿಮೆ ಕೇಳುವುದೇ ನ್ಯಾಯ.

ಉಳಿದ 12.44 ಕ್ವಿಂಟಾಲ್ ಎಲ್ಲಿ ಹೋಯಿತೆಂದು ಹೇಗೆ ಕಂಡುಹಿಡಿಯುವುದು?

ಹೊರಬಂದದ್ದನ್ನೆಲ್ಲ ತೂಗಿ. ಬೇಳೆ ಮಾತ್ರ ತೂಗಿ ಉಳಿದದ್ದನ್ನು ಅಂದಾಜಿಗೆ ಬಿಡುವ ಮಿಲ್‌ನಲ್ಲಿ ಬಳಕೆ ವ್ಯತ್ಯಾಸ ಎಂದೂ ಕಾರಣ ಹೇಳುವುದಿಲ್ಲ. ನಮ್ಮ ಉದಾಹರಣೆಯ ಲೆಕ್ಕ ಹೀಗೆ ಬಂತು:

| | 980 ಕ್ವಿಂಟಾಲ್‌ಗೆ ಸ್ಟ್ಯಾಂಡರ್ಡ್ | 1,015 ಕ್ವಿಂಟಾಲ್‌ಗೆ ಬಂದದ್ದು |
|---|---|---|
| ಬೇಳೆ | 700 | 700 |
| ನುಚ್ಚು ಮತ್ತು ಚುನ್ನಿ | 120 | 130 |
| ಹೊಟ್ಟು | 110 | 111 |
| ಕಸ, ಮಣ್ಣು | 15 | 16 |
| ಕಾಣದ ನಷ್ಟ | 35 | 58 |

ಕಾಣದ ನಷ್ಟ 23 ಕ್ವಿಂಟಾಲ್ ಹೆಚ್ಚಾಗಿದೆ. ತೇವಾಂಶದ ಲೆಕ್ಕ ಹೇಳಿದ 22.56ಕ್ಕೆ ಇದು ಹೊಂದುತ್ತದೆ, ಹಾಗಾಗಿ ಅಲ್ಲಿ ಕಳವಿನ ಅನುಮಾನ ಪಡಬೇಕಿಲ್ಲ. ಬೇಳೆಯಾಗಬೇಕಿದ್ದ 10 ಕ್ವಿಂಟಾಲ್ ನುಚ್ಚು-ಚುನ್ನಿಯಾಗಿದೆ. ಇದು ಮಿಲ್‌ನೊಳಗಿನ ತೊಂದರೆ. ಮೊದಲು ನೋಡಬೇಕಾದದ್ದು ರೋಲರ್‌ನ ಎಮರಿ ಮತ್ತು ಜರಡಿಯ ನಡುವಿನ ಸಂದು. ಆಮೇಲೆ ಕಾಳಿನ ಗಾತ್ರ. ಟಿಎಸ್-3ಆರ್, ಜಿಆರ್‌ಜಿ-811ರಂಥ ಬೇರೆಬೇರೆ ತಳಿಯ ಮಾಲನ್ನು ಗಾತ್ರ ವಿಂಗಡಿಸದೆ ಒಟ್ಟಿಗೆ ಬಿಟ್ಟರೆ, ಸಣ್ಣ ಕಾಳು ಸಿಪ್ಪೆ ಸಮೇತ ಜಾರಿಹೋಗುತ್ತದೆ. ಅದನ್ನು ಹಿಡಿಯಲೆಂದು ಸಂದು ಬಿಗಿ ಮಾಡಿದರೆ ದಪ್ಪ ಕಾಳು ಪುಡಿಯಾಗುತ್ತದೆ. ಸರಿಯಾಗಿ ಒಣಗದ ಕಾಳಿನ ಸಿಪ್ಪೆ ಬಿಡದೆ ಮತ್ತೊಂದು ಸುತ್ತು ಹಾಕಿದರೂ ಇದೇ ಗತಿ. ಆ ಸಂದರ್ಭದಲ್ಲಿ ಈ 10 ಕ್ವಿಂಟಾಲ್‌ನಲ್ಲೂ ಖರೀದಿಗೆ ಒಂದಿಷ್ಟು ಪಾಲಿದೆ, ಅದನ್ನು ಲೆಕ್ಕ ಬರೆಯುವವರು ಮೇಸ್ತ್ರಿಯ ಜೊತೆ ಕೂತು ಮಾತಾಡಿಯೇ ತೀರ್ಮಾನಿಸಬೇಕು.

ನುಚ್ಚು-ಚುನ್ನಿ ದನದ ಮೇವಿಗೆ ಮಾರಾಟವಾಗುತ್ತದೆ. ಕ್ವಿಂಟಾಲಿಗೆ ₹2,400 ಸಿಕ್ಕರೆ ಹೆಚ್ಚುವರಿ 10 ಕ್ವಿಂಟಾಲ್‌ನಿಂದ ₹24,000 ವಾಪಸು ಬಂತು. ಇದನ್ನು ಬಳಕೆ ವ್ಯತ್ಯಾಸದೊಳಗೆ ಸದ್ದಿಲ್ಲದೆ ಕಳೆದುಬಿಡಬೇಡಿ, ಕೆಳಗೆ ಬೇರೆ ಸಾಲಿನಲ್ಲಿ ತೋರಿಸಿ.

ಎಲ್ಲ ಸರಿಯಿದ್ದೂ ಪ್ರತಿ ತಿಂಗಳು ಹತ್ತು-ಹನ್ನೆರಡು ಕ್ವಿಂಟಾಲ್ ಪ್ರತಿಕೂಲ ಬರುತ್ತಿದೆ. ಏಕೆ?

ಗೋಣಿಚೀಲದ ತೂಕ ಕಳೆದಿದ್ದೀರಾ ನೋಡಿ. 50 ಕಿಲೋ ತುಂಬುವ ಹೊಸ ಸೆಣಬಿನ ಚೀಲ ಸುಮಾರು 580 ಗ್ರಾಂ ತೂಗುತ್ತದೆ. 1,015 ಕ್ವಿಂಟಾಲ್ ಎಂದರೆ 2,030 ಚೀಲ. ಚೀಲದ ಸಮೇತ ತೂಗಿ ಅದನ್ನೇ ತೊಗರಿ ಎಂದು ಬರೆದರೆ ಸುಮಾರು 11.8 ಕ್ವಿಂಟಾಲ್ ಸೆಣಬು ತೊಗರಿಯಾಗಿ ಲೆಕ್ಕಕ್ಕೆ ಬರುತ್ತದೆ. ₹7,500ರ ದರದಲ್ಲಿ ಅದು ₹88,000 ದಾಟುತ್ತದೆ.

ಇದನ್ನು ಮಿಲ್‌ನ ದೋಷದಿಂದ ಬೇರ್ಪಡಿಸುವುದು ಕಷ್ಟವಲ್ಲ. ಚೀಲದ ತಪ್ಪಾದರೆ ನುಚ್ಚು-ಚುನ್ನಿ ಸ್ಟ್ಯಾಂಡರ್ಡ್‌ನಷ್ಟೇ ಇರುತ್ತದೆ, ಕಾಣದ ನಷ್ಟ ಮಾತ್ರ ತೇವಾಂಶ ಹೇಳುವುದಕ್ಕಿಂತ ಹನ್ನೆರಡು ಕ್ವಿಂಟಾಲ್ ಜಾಸ್ತಿ ಕಾಣುತ್ತದೆ. ಮಿಲ್‌ನ ದೋಷವಾದರೆ ಮೇಲಿನ ಪಟ್ಟಿಯಂತೆ ನುಚ್ಚು-ಚುನ್ನಿಯೇ ಏರಿರುತ್ತದೆ.

ತಿಂಗಳ ಕೊನೆಯ ದಿನ ಅಂಗಳದಲ್ಲಿ ಒಣಗುತ್ತಿರುವ ತೊಗರಿಯನ್ನು ಏನು ಮಾಡಬೇಕು?

ಅದನ್ನು ಬಳಸಿದ್ದೆಂದು ಹಿಡಿಯಬಾರದು. ಎಣ್ಣೆ ಸವರಿ ಹರಡಿದ 40 ಕ್ವಿಂಟಾಲ್ ಅಂಗಳದಲ್ಲಿದ್ದು, ಗೋದಾಮಿನಿಂದ ಹೊರಟಿದ್ದಷ್ಟನ್ನೂ ಬಳಕೆ ಎಂದು ಬರೆದರೆ ಈ ತಿಂಗಳು ₹3,00,000 ಸುಳ್ಳು ಪ್ರತಿಕೂಲ, ಮುಂದಿನ ತಿಂಗಳು ಅಷ್ಟೇ ಸುಳ್ಳು ಅನುಕೂಲ. ಒಂದು ತಿಂಗಳು ಕೆಟ್ಟದಾಗಿ, ಮರುತಿಂಗಳು ತುಂಬ ಚೆನ್ನಾಗಿ ಬರುವ ಮಿಲ್‌ಗಳಲ್ಲಿ ಹೆಚ್ಚಾಗಿ ಇದೇ ಕಾರಣ. ತಿಂಗಳ ಕೊನೆಯ ಎರಡು ದಿನ ಅಂಗಳ ಖಾಲಿ ಮಾಡಿಸಿದರೆ ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಹರಡಿದ ಚೀಲಗಳ ಲೆಕ್ಕವನ್ನು ಲಾಟ್ ಚೀಟಿಯಿಂದ ತೆಗೆದು, ಹರಡುವ ಮೊದಲಿನ ತೂಕದಲ್ಲೇ ಬಳಕೆಯಿಂದ ಕಳೆಯಿರಿ.

ಗೋದಾಮಿನಲ್ಲಿ ಉಳಿದ ಮಾಲೂ ಒಣಗುತ್ತದೆ. ಉಳಿದ 185 ಕ್ವಿಂಟಾಲ್ 12%ರಿಂದ 11%ಗೆ ಇಳಿದರೆ ಸುಮಾರು 2 ಕ್ವಿಂಟಾಲ್ ತೂಕ ಕಡಿಮೆಯಾಗುತ್ತದೆ. ಅದಕ್ಕೆ ದಾಸ್ತಾನು ನಷ್ಟ ಎಂದು ಬೇರೆ ಖಾತೆ ಇಡಿ.

ಎಕ್ಸೆಲ್‌ನಲ್ಲಿ ಹೇಗೆ ಹಾಕುವುದು?

B2ರಲ್ಲಿ ಸ್ಟ್ಯಾಂಡರ್ಡ್ ದರ, B3ರಲ್ಲಿ ಕೊಂಡ ದರ, B4ರಲ್ಲಿ ಕೊಂಡ ಕ್ವಿಂಟಾಲ್, B5ರಲ್ಲಿ ಬಂದ ಬೇಳೆಗೆ ಹಿಡಿಯಬೇಕಿದ್ದ ತೊಗರಿ, B6ರಲ್ಲಿ ಬಳಸಿದ ತೊಗರಿ, B7ರಲ್ಲಿ ನಿಜ ತೇವಾಂಶ, B8ರಲ್ಲಿ ಸ್ಟ್ಯಾಂಡರ್ಡ್ ತೇವಾಂಶ ಹಾಕಿ. ತೇವಾಂಶವನ್ನು 12%, 10% ಎಂದು ಶೇಕಡಾ ರೂಪದಲ್ಲೇ ಬರೆಯಿರಿ.

```
=(B2-B3)*B4
=(B5-B6)*B2
=(B6*(1-B7)/(1-B8)-B6)*B2
```

ಮೊದಲನೆಯದು ದರ ವ್ಯತ್ಯಾಸ, ಎರಡನೆಯದು ಬಳಕೆ ವ್ಯತ್ಯಾಸ, ಮೂರನೆಯದು ಬಳಕೆ ವ್ಯತ್ಯಾಸದೊಳಗಿನ ನೀರಿನ ಪಾಲು. ಉತ್ತರ ಮೈನಸ್ ಬಂದರೆ ಪ್ರತಿಕೂಲ. ಮೈನಸ್-ಪ್ಲಸ್ ಜೊತೆಗೆ "ಅನುಕೂಲ", "ಪ್ರತಿಕೂಲ" ಎಂದು ಅಕ್ಷರದಲ್ಲೂ ಬರೆಯುವುದು ಒಳ್ಳೆಯದು, ಪರೀಕ್ಷೆಯಲ್ಲಂತೂ ಕಡ್ಡಾಯವೆಂದೇ ತಿಳಿಯಿರಿ.

ಪುಸ್ತಕದಲ್ಲಿ ಜಮಾ-ಖರ್ಚು ಹೇಗೆ?

ಪ್ರತಿಕೂಲವಾದದ್ದು ಡೆಬಿಟ್, ಅನುಕೂಲವಾದದ್ದು ಕ್ರೆಡಿಟ್. ಖರೀದಿಯಲ್ಲಿ ತೊಗರಿ ದಾಸ್ತಾನಿಗೆ ಸ್ಟ್ಯಾಂಡರ್ಡ್ ದರದಲ್ಲಿ ₹90,00,000 ಡೆಬಿಟ್, ಮಾರಿದವರಿಗೂ ಇತರ ಖರ್ಚಿಗೂ ₹88,20,000 ಕ್ರೆಡಿಟ್, ನಡುವಿನ ₹1,80,000 ದರ ವ್ಯತ್ಯಾಸ ಖಾತೆಗೆ ಕ್ರೆಡಿಟ್. ಬಳಸಿದಾಗ ಉತ್ಪಾದನೆ ಖಾತೆಗೆ 980 ಕ್ವಿಂಟಾಲ್‌ನ ₹73,50,000, ಬಳಕೆ ವ್ಯತ್ಯಾಸ ಖಾತೆಗೆ ₹2,62,500 ಡೆಬಿಟ್, ದಾಸ್ತಾನಿಗೆ ₹76,12,500 ಕ್ರೆಡಿಟ್.

ವರ್ಷದ ಕೊನೆಯಲ್ಲಿ ದಾಸ್ತಾನನ್ನು ಸ್ಟ್ಯಾಂಡರ್ಡ್ ದರದಲ್ಲೇ ತೋರಿಸಬಹುದೇ?

ದಾಸ್ತಾನಿಗೆ ಸಂಬಂಧಿಸಿದ ಲೆಕ್ಕಪತ್ರ ಮಾನದಂಡ ಎಎಸ್ 2 ಸ್ಟ್ಯಾಂಡರ್ಡ್ ಕಾಸ್ಟ್ ಬಳಸಲು ಬಿಡುತ್ತದೆ, ಅದು ನಿಜವಾದ ವೆಚ್ಚಕ್ಕೆ ಹತ್ತಿರವಿದ್ದರೆ ಮಾತ್ರ. ನಮ್ಮ ಮಿಲ್‌ನ 185 ಕ್ವಿಂಟಾಲ್ ಮಾರ್ಚ್ 31ರಂದು ಹಾಗೇ ಉಳಿದಿದ್ದರೆ, ಅದರ ಮೇಲಿನ ದರ ವ್ಯತ್ಯಾಸ 185 × 150 = ₹27,750. ಅಷ್ಟನ್ನು ಲಾಭದಿಂದ ತೆಗೆದು ದಾಸ್ತಾನಿನ ಬೆಲೆಯಿಂದ ಇಳಿಸಬೇಕು. ಇಲ್ಲದಿದ್ದರೆ ಇನ್ನೂ ಮಿಲ್‌ಗೆ ಹೋಗದ ಮಾಲಿನ ಮೇಲೆ ಲಾಭ ತೋರಿಸಿದಂತಾಗುತ್ತದೆ. ಅಸಹಜವಾಗಿ ಹಾಳಾದ ಮಾಲಿನ ವೆಚ್ಚ ದಾಸ್ತಾನಿನಲ್ಲಿ ಕೂರುವಂತಿಲ್ಲ, ಅದು ಅದೇ ವರ್ಷದ ಖರ್ಚು.

ಗಂಜ್‌ನಲ್ಲಿ ದರ ವಾರಕ್ಕೊಮ್ಮೆ ಬದಲಾಗುತ್ತದೆ. ಸ್ಟ್ಯಾಂಡರ್ಡನ್ನೂ ಬದಲಾಯಿಸುತ್ತಾ ಇರಬೇಕೇ?

ಪ್ರಮಾಣದ ಸ್ಟ್ಯಾಂಡರ್ಡ್, ಅಂದರೆ 140 ಕಿಲೋ, ಯಂತ್ರ ಬದಲಾದಾಗ ಅಥವಾ ಮಿಲ್ ಮಾಡುವ ಕ್ರಮ ಬದಲಾದಾಗ ಮಾತ್ರ ಬದಲಾಗಲಿ. ಒಂದು ಕೆಟ್ಟ ತಿಂಗಳು ಬಂತೆಂದು 145ಕ್ಕೆ ಏರಿಸಿದರೆ ಆ 5 ಕಿಲೋ ಮುಂದೆಂದೂ ಯಾರ ಕಣ್ಣಿಗೂ ಬೀಳುವುದಿಲ್ಲ.

ದರದ ಸ್ಟ್ಯಾಂಡರ್ಡನ್ನು ಹಂಗಾಮಿಗೆ ಒಮ್ಮೆ, ಬೇಕಿದ್ದರೆ ಹಂಗಾಮು ಮುಗಿದ ಮೇಲೆ ಇನ್ನೊಮ್ಮೆ ಪರಿಷ್ಕರಿಸಿದರೆ ಸಾಕು. ನಡುವೆ ಆಮದು ಸುಂಕವೋ ದಾಸ್ತಾನು ಮಿತಿಯೋ ಬದಲಾಗಿ ಮಾರುಕಟ್ಟೆಯೇ ಜಿಗಿದರೆ, ಸ್ಟ್ಯಾಂಡರ್ಡನ್ನು ಮುಟ್ಟದೆ ದರ ವ್ಯತ್ಯಾಸವನ್ನು ಎರಡು ಮಾಡಿ. ಮಾರುಕಟ್ಟೆಯ ಆ ವಾರದ ಸರಾಸರಿ ದರಕ್ಕೂ ಸ್ಟ್ಯಾಂಡರ್ಡ್‌ಗೂ ಇರುವ ಅಂತರ ಒಂದು, ನೀವು ಕೊಂಡ ದರಕ್ಕೂ ಆ ಸರಾಸರಿಗೂ ಇರುವ ಅಂತರ ಇನ್ನೊಂದು. ಎಪಿಎಂಸಿಯ ದಿನದ ದರಪಟ್ಟಿ ಇಟ್ಟುಕೊಂಡರೆ ಇದು ಸುಲಭ. ಸರಾಸರಿಗೆ ಸವಾಲಿನಾಚೆಯ ₹300 ಸೇರಿಸಿಯೇ ಹೋಲಿಸಬೇಕು ಎಂಬುದನ್ನು ಮರೆಯಬೇಡಿ. ಖರೀದಿ ಮಾಡುವವರನ್ನು ಕೇಳಬೇಕಾದದ್ದು ಎರಡನೆಯ ಅಂತರದ ಬಗ್ಗೆ ಮಾತ್ರ.